ಕಾಫಿ–ಚಿಕೋರಿ ಲೆಕ್ಕದಲ್ಲಿ 7:1 ಯಾಕೆ ತಪ್ಪು?

ಹಾಸನದ ಅಭ್ಯರ್ಥಿ: ಸರ್, ಫೋಟೋ ನೋಡಿ. ಕೆಜಿಗೆ 480 ರೂಪಾಯಿ ಕೊಟ್ಟು ತಂದ ಕಾಫಿಪುಡಿಗೆ 160 ರೂಪಾಯಿಯ ಚಿಕೋರಿ ಬೆರೆಸಿ 440ಕ್ಕೆ ಮಾರಿದ್ದಾರೆ. ಅನುಪಾತ ನನಗೆ 7:1 ಬಂತು, ಆಯ್ಕೆಯಲ್ಲೂ ಇದೆ. ಕೀಯಲ್ಲಿ ಮಾತ್ರ 3:1. ಕೀ ತಪ್ಪಾ?

ಮೇಷ್ಟ್ರು, ಚಿಕ್ಕಮಗಳೂರು: ಫೋಟೋದ ಕೊನೆಯ ಸಾಲು ಕತ್ತರಿಸಿ ಹೋಗಿದೆ. ಪೂರ್ತಿ ಹಾಕಿ.

ಹಾಸನದ ಅಭ್ಯರ್ಥಿ: ಕ್ಷಮಿಸಿ ಸರ್. ‘ಇದರಿಂದ ಶೇ. 10 ಲಾಭವಾದರೆ’ ಅಂತಿದೆ.

ಮೇಷ್ಟ್ರು: ಏಟು ಬಿದ್ದಿರುವುದು ಅಲ್ಲೇ. 480 ಮತ್ತು 160 ಕೊಂಡ ಬೆಲೆ. 440 ಮಾರಿದ ಬೆಲೆ. ಇವನ್ನು ಒಟ್ಟಿಗೆ ಇಟ್ಟು ಕಳೆಯಬಾರದು. ಮೊದಲು ಲಾಭ ತೆಗೆಯಿರಿ. 440ನ್ನು 1.1ರಿಂದ ಭಾಗಿಸಿದರೆ 400. ಮಿಶ್ರಣದ ಅಸಲು ಅದು.

ಈಗ ಅಡ್ಡ ಕಳೆಯಿರಿ. ಕಾಫಿಯ ಪಾಲು 400 − 160, ಅಂದರೆ 240. ಚಿಕೋರಿಯ ಪಾಲು 480 − 400, ಅಂದರೆ 80. 3:1 ಬಂತು. ತಾಳೆ ನೋಡಿ: 3 ಕೆಜಿ ಕಾಫಿಗೆ 1440, 1 ಕೆಜಿ ಚಿಕೋರಿಗೆ 160. 4 ಕೆಜಿಗೆ 1600, ಕೆಜಿಗೆ 400.

ಆಯ್ಕೆಯಲ್ಲಿ 1:3 ಕೂಡ ಇದೆ. ಅದು ಪಾಲು ತಿರುವು ಮುರುವು ಮಾಡಿದವರಿಗೆ ಇಟ್ಟಿದ್ದು. 400 ಎಂಬುದು 480ಕ್ಕೆ ಹತ್ತಿರ, ಹಾಗಾಗಿ ಕಾಫಿಯೇ ಜಾಸ್ತಿ ಇರಬೇಕು. ಇಷ್ಟು ನೋಡಿದರೆ ಆ ತಪ್ಪು ಆಗುವುದಿಲ್ಲ.

ಬೇಲೂರಿನ ಸದಸ್ಯೆ: 3:1 ಅಂದರೆ ಚಿಕೋರಿ ಶೇ. 33 ಆಯ್ತಲ್ಲ? ನಮ್ಮ ಮನೆಗೆ ಅಷ್ಟು ಹಾಕಿಸುವುದಿಲ್ಲ. 80–20 ಸಾಕು.

ಅರಸೀಕೆರೆಯವರು: 33 ಅಲ್ಲ ಅಕ್ಕ, 25. ನಾಲ್ಕು ಪಾಲಿನಲ್ಲಿ ಒಂದು. ಆದರೆ 80–20 ಹಾಕಿದರೆ ಡಿಕಾಕ್ಷನ್ ಗಟ್ಟಿ ಬರಲ್ಲ.

ಬೇಲೂರಿನ ಸದಸ್ಯೆ: ಯಾರು ಹೇಳಿದ್ದು? ಪುಡಿ ಒಳ್ಳೆಯದಿದ್ದರೆ ಚಿಕೋರಿಯೇ ಬೇಡ.

ಕಡೂರಿನ ಹುಡುಗ: ಸರ್, ಗುಂಪುಗಳಲ್ಲಿ ಓಡಾಡುತ್ತಿರುವ 3 ಸೆಕೆಂಡ್ ಟ್ರಿಕ್ ಇದು. ಎರಡು ಪಾತ್ರೆಯ ಹಾಲು–ನೀರು 3:1 ಮತ್ತು 5:3. ಸಮ ಅಳತೆ ಬೆರೆಸಿದರೆ ಸುಮ್ನೆ ಕೂಡಿಸಿ, 8:4, ಅಂದರೆ 2:1. ಸರಿನಾ?

ಮೇಷ್ಟ್ರು: ತಪ್ಪು. ದಯವಿಟ್ಟು ಇಂಥದ್ದನ್ನು ಮುಂದೆ ಕಳಿಸಬೇಡಿ, ಇದನ್ನು ನಂಬಿ ಅಂಕ ಕಳೆದುಕೊಂಡವರನ್ನು ನೋಡಿದ್ದೇನೆ. ಒಂದರಲ್ಲಿ ಹಾಲು 4ರಲ್ಲಿ 3, ಇನ್ನೊಂದರಲ್ಲಿ 8ರಲ್ಲಿ 5. ಮೊದಲನೆಯದನ್ನೂ 8ಕ್ಕೆ ತನ್ನಿ: 6:2. ಈಗ ಕೂಡಿಸಿ. 11:5.

ಅರಸೀಕೆರೆಯವರು: ಹಾಗಾದರೆ ಕೂಡಿಸಿದ್ದೇ ಅಲ್ವಾ ಸರ್? ಟ್ರಿಕ್ ಅರ್ಧ ಸರಿ.

ಮೇಷ್ಟ್ರು: ಒಟ್ಟು ಪಾಲು ಸಮ ಮಾಡಿದ ಮೇಲೆ ಮಾತ್ರ. ಫಾರ್ವರ್ಡಿನಲ್ಲಿ ಆ ಮಾತೇ ಇಲ್ಲ.

ಸಕಲೇಶಪುರದವರು: 40 ಲೀಟರ್ ಹಾಲಿನಿಂದ 4 ಲೀಟರ್ ತೆಗೆದು ನೀರು ಹಾಕಿ, ಹೀಗೆ ಮೂರು ಸಲ. ಇದಕ್ಕೂ ಅಡ್ಡ ಕಳೆಯುವುದಾ?

ಇನ್ನೊಬ್ಬರು: ಸರ್, ಕಾಫಿ ಲೆಕ್ಕಕ್ಕೆ 7:1 ಸರೀನಾ?

ಮೇಷ್ಟ್ರು: ಮೇಲೆ ಬರೆದಿದ್ದೇನೆ. ಓದಿ.

ಬೇಲೂರಿನ ಸದಸ್ಯೆ: ಮನೆಗೆ ಬನ್ನಿ ಅರಸೀಕೆರೆಯವರೇ, 80–20 ಕುಡಿದು ಮಾತಾಡಿ.

ಸಕಲೇಶಪುರದವರು: ನನ್ನ ಪ್ರಶ್ನೆ ಯಾರೂ ನೋಡಲಿಲ್ಲ.