ಮಾವನ ಹೊಟ್ಟೆನೀರಿನ ರಿಪೋರ್ಟ್: ಗ್ರೇಡಿಯಂಟ್ ಮೈನಸ್ ಬರುತ್ತಿದೆ, ಹೀಗೂ ಬರಬಹುದೇ?

ಚಂದ್ರಿಕಾ
ಮಾವನವರಿಗೆ 66 ವರ್ಷ. ಹೊಟ್ಟೆ ಉಬ್ಬಿ ವಾರ್ಡಿನಲ್ಲಿದ್ದಾರೆ. ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಿದ್ದರು, ರಿಪೋರ್ಟ್ ಕೈಗೆ ಬಂದಿದೆ. ಪ್ರೋಟೀನ್ 3.4, ಒಟ್ಟು ಕಣ 420, ಅದರಲ್ಲಿ ಲಿಂಫೋಸೈಟ್ 80%, ನ್ಯೂಟ್ರೋಫಿಲ್ 20%. ಎಡಿಎ 14. ಕೆಳಗೆ ದಪ್ಪ ಅಕ್ಷರದಲ್ಲಿ "ಎಕ್ಸುಡೇಟ್" ಎಂದು ಬರೆದಿದ್ದಾರೆ.

ರಕ್ತದ ಅಲ್ಬುಮಿನ್‌ನಿಂದ ನೀರಿನದನ್ನು ಕಳೆದು ನೋಡಬೇಕು ಎಂದು ಓದಿದೆ. ರಕ್ತದಲ್ಲಿ 2.8 ಇದೆ. 2.8 − 3.4 = −0.6. ಮೈನಸ್ ಬಂದರೆ ಏನರ್ಥ ಎಂದು ಎಲ್ಲೂ ಸಿಗುತ್ತಿಲ್ಲ. ಒಬ್ಬ ಡಾಕ್ಟರ್ ಟಿಬಿ ಮಾತ್ರೆ ಶುರು ಮಾಡೋಣ ಅನ್ನುತ್ತಾರೆ, ಇನ್ನೊಬ್ಬರು ಕಾಯೋಣ ಅನ್ನುತ್ತಾರೆ. ರೌಂಡ್ಸಿನಲ್ಲಿ ಕೇಳಲು ಹೋದರೆ ಮಾತು ಮುಗಿಯುವ ಮೊದಲೇ ಮುಂದಿನ ಹಾಸಿಗೆಗೆ ಹೋಗಿರುತ್ತಾರೆ. ಹೃದಯ, ಲಿವರ್ ಎಲ್ಲಾ ನೋಡಿ ಆಗಿದೆ, ಅದನ್ನು ಮತ್ತೆ ಕೇಳಬೇಡಿ. ದಯವಿಟ್ಟು ಈ ಲೆಕ್ಕ ಒಂದನ್ನು ಬಿಡಿಸಿ ಹೇಳಿ.

ಗುರುಮೂರ್ತಿ
ಇದರಲ್ಲಿ ಬಿಡಿಸುವುದೇನಿದೆ ಮೇಡಂ? ಪ್ರೋಟೀನ್ ಜಾಸ್ತಿ, ಲಿಂಫೋಸೈಟ್ 80%, ಎಕ್ಸುಡೇಟ್. ಇದು ಟಿಬಿಯೇ. ಕಣ 420 ಅಂದರೆ ಸೋಂಕು ಇದೆ ಅಂತಲೇ ಅರ್ಥ. ತಡ ಮಾಡಬೇಡಿ.

ಶ್ರೀಧರ (ಲ್ಯಾಬ್)
ಚಂದ್ರಿಕಾ ಅವರೇ, ಮೈನಸ್ ಬರಲು ಕಾರಣ ಇಷ್ಟೇ: ನೀವು ಕಳೆದಿರುವುದು ನೀರಿನ ಒಟ್ಟು ಪ್ರೋಟೀನನ್ನು. ಕಳೆಯಬೇಕಾದ್ದು ನೀರಿನ ಅಲ್ಬುಮಿನ್. ಅಲ್ಬುಮಿನ್ ಒಟ್ಟು ಪ್ರೋಟೀನಿನ ಒಂದು ಪಾಲು ಮಾತ್ರ. ರಿಪೋರ್ಟಿನ ಎರಡನೇ ಪುಟದಲ್ಲೋ ಬಯೋಕೆಮಿಸ್ಟ್ರಿಯ ಬೇರೆ ಹಾಳೆಯಲ್ಲೋ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಲ್ಯಾಬಿಗೆ ಕೇಳಿ. ಮಾದರಿಯನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದರೆ ಅದರಲ್ಲೇ ಮಾಡಿಕೊಡಬಹುದು, ಮತ್ತೆ ಸೂಜಿ ಹಾಕಬೇಕಿಲ್ಲ.

ಇನ್ನೊಂದು ಪ್ರಶ್ನೆ. ರಕ್ತದ ಆ 2.8 ಯಾವ ದಿನದ್ದು? ಯಾವ ಲ್ಯಾಬಿನದು?

ಗುರುಮೂರ್ತಿ ಅವರೇ, ಹೊಟ್ಟೆನೀರಿನ ಸೋಂಕಿಗೆ ಒಟ್ಟು ಕಣ ನೋಡುವುದಿಲ್ಲ, ನ್ಯೂಟ್ರೋಫಿಲ್ ಎಷ್ಟು ಎಂದು ನೋಡುತ್ತಾರೆ. 420ರಲ್ಲಿ 20% ಅಂದರೆ 84. ಅದು 250 ದಾಟಿದರೆ ಬ್ಯಾಕ್ಟೀರಿಯಾ ಸೋಂಕು ಎಂದು ತಿಳಿದು ಕಲ್ಚರ್‌ಗೆ ಕಾಯದೆ ಆಂಟಿಬಯಾಟಿಕ್ ಕೊಡುತ್ತಾರೆ. ಇಲ್ಲಿ ಅದಕ್ಕೆ ಬಹಳ ದೂರವಿದೆ.

ಕಿರಣ್
84 ಅನ್ನುವುದನ್ನೂ ಅಷ್ಟು ನಂಬಬೇಡಿ. ಮೆಷಿನ್ ಎಣಿಸಿದ್ದೋ, ಚೇಂಬರಿನಲ್ಲಿ ಕಣ್ಣಾರೆ ಎಣಿಸಿದ್ದೋ? ರಕ್ತದ ಮೆಷಿನ್ನಿಗೆ ಹೊಟ್ಟೆನೀರು ಹಾಕಿದರೆ ಪೊರೆಯ ಜೀವಕೋಶಗಳನ್ನೂ ಬಿಳಿಕಣದ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ನಮ್ಮಲ್ಲಿ ನ್ಯೂಬವರ್ ಚೇಂಬರ್, ಸೈಟೋಸ್ಪಿನ್, ಲೀಶ್‌ಮನ್ ಸ್ಟೇನ್ ಇಲ್ಲದೆ ಒಂದು ರಿಪೋರ್ಟೂ ಹೊರಗೆ ಹೋಗುವುದಿಲ್ಲ.

ಶ್ರೀಧರ (ಲ್ಯಾಬ್)
ದ್ರವಗಳಿಗೆಂದೇ ಬೇರೆ ಮೋಡ್ ಇರುವ ಮೆಷಿನ್‌ಗಳಿವೆ, 250ರ ಆಸುಪಾಸಿನಲ್ಲಿ ಅವು ಸಾಕಷ್ಟು ಸರಿಯಾಗಿಯೇ ಎಣಿಸುತ್ತವೆ. 84 ಇರುವಾಗ ಈ ವಾದದಿಂದ ತೀರ್ಮಾನ ಬದಲಾಗುವುದಿಲ್ಲ. ಟ್ಯೂಬಿನಲ್ಲಿ ನೀರು ಹೆಪ್ಪುಗಟ್ಟಿದ್ದರೆ ಮಾತ್ರ ಚಿಂತೆ, ಕಣಗಳು ಗಂಟಿನೊಳಗೆ ಸಿಕ್ಕಿ ಎಣಿಕೆ ಕಡಿಮೆ ಬರುತ್ತದೆ. ಅದಕ್ಕೇ ಇಡಿಟಿಎ ಟ್ಯೂಬಿನಲ್ಲಿ ಕಳಿಸುವುದು.

ಚಂದ್ರಿಕಾ
ಎರಡನೇ ಪುಟದಲ್ಲಿ ಸಿಕ್ಕಿತು ಸರ್. ನೀರಿನ ಅಲ್ಬುಮಿನ್ 1.9. ಹಾಗಾದರೆ 2.8 − 1.9 = 0.9. ಓದಿದ ಪ್ರಕಾರ ಗೆರೆ 1.1, ಇದು ಅದಕ್ಕಿಂತ ಕಡಿಮೆ. ಆ 2.8 ಅಡ್ಮಿಟ್ ಆಗುವ ಮೊದಲು ಹೊರಗಿನ ಲ್ಯಾಬಿನಲ್ಲಿ ಮಾಡಿಸಿದ್ದು.

ಗುರುಮೂರ್ತಿ
ನೋಡಿದಿರಾ. 1.1ಕ್ಕಿಂತ ಕಡಿಮೆ ಅಂದರೆ ಲಿವರ್ ಸಿರೋಸಿಸ್ ಅಲ್ಲ. ಟಿಬಿ ಇಲ್ಲವೇ ಕ್ಯಾನ್ಸರ್. ಕ್ಯಾನ್ಸರ್ ಕಣ ಸಿಕ್ಕಿಲ್ಲ ತಾನೇ? ಉಳಿದದ್ದು ಟಿಬಿ. ಎಡಿಎ ಕಡಿಮೆ, ಸ್ಮಿಯರ್ ನೆಗೆಟಿವ್ ಅಂತ ಸುಮ್ಮನಾಗಬೇಡಿ. ಹೊಟ್ಟೆನೀರಿನ ಸ್ಮಿಯರಿನಲ್ಲಿ ಟಿಬಿ ಬ್ಯಾಕ್ಟೀರಿಯಾ ಕಾಣಿಸುವುದೇ ಅಪರೂಪ.

ಶ್ರೀಧರ (ಲ್ಯಾಬ್)
ಸ್ಮಿಯರ್ ವಿಷಯ ಒಪ್ಪುತ್ತೇನೆ, ಅದು ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅನ್ನಲಾಗದು. ಆದರೆ ಎಡಿಎ ಹಾಗಲ್ಲ. ಹೊಟ್ಟೆಯ ಟಿಬಿಯಲ್ಲಿ ಅದು ಸಾಮಾನ್ಯವಾಗಿ 39ರ ಮೇಲಿರುತ್ತದೆ. 14 ಎಂಬ ಅಂಕಿ ಟಿಬಿಯ ವಿರುದ್ಧ ಗಟ್ಟಿಯಾಗಿಯೇ ಮಾತಾಡುತ್ತದೆ.

ಅದಕ್ಕಿಂತ ಮುಖ್ಯ, ಈ 0.9 ನಿಲ್ಲುವ ಲೆಕ್ಕವಲ್ಲ. ರಕ್ತ ಒಂದು ದಿನದ್ದು, ನೀರು ಇನ್ನೊಂದು ದಿನದ್ದು, ಲ್ಯಾಬೂ ಬೇರೆ. ಅಲ್ಬುಮಿನ್ ಅಳೆಯಲು ಎರಡು ಬಗೆಯ ಬಣ್ಣದ ರಾಸಾಯನಿಕಗಳಿವೆ. ಅದೇ ರಕ್ತಕ್ಕೆ ಒಂದು ತುಸು ಹೆಚ್ಚು ತೋರಿಸಿದರೆ ಇನ್ನೊಂದು ಕಡಿಮೆ ತೋರಿಸುತ್ತದೆ. 0.3, 0.4ರ ವ್ಯತ್ಯಾಸ ಅದರಿಂದಲೇ ಬರಬಹುದು, ಇಲ್ಲಿ ನಾವು ಜಗಳವಾಡುತ್ತಿರುವುದು 0.2ಕ್ಕೆ. ನೀರು ತೆಗೆದ ದಿನವೇ, ಸಾಧ್ಯವಾದರೆ ಕೆಲವೇ ಗಂಟೆಗಳ ಅಂತರದಲ್ಲಿ ತೆಗೆದ ರಕ್ತ ಬೇಕು, ಅದೇ ಲ್ಯಾಬಿನಲ್ಲಿ ಅಳೆದಿರಬೇಕು. ಅಷ್ಟರಲ್ಲಿ ಅಲ್ಬುಮಿನ್ ಬಾಟಲಿ ಏರಿಸಿದ್ದರೆ ಅದನ್ನೂ ಹೇಳಿ, ಆಗ ರಕ್ತದ ಅಂಕಿ ಸುಳ್ಳೇ ಮೇಲೇರಿರುತ್ತದೆ.

ನಾಗವೇಣಿ
ನಮ್ಮಣ್ಣನಿಗೂ ನೀರು ತುಂಬಿದೆ, ಆದರೆ ಎದೆಯಲ್ಲಿ, ಬಲಗಡೆ. ನೀರಿನ ಪ್ರೋಟೀನ್ 3.4, ರಕ್ತದ ಪ್ರೋಟೀನ್ 6.4. ಅವನಿಗೂ ಈ 1.1ರ ಲೆಕ್ಕವೇ ನಡೆಯುತ್ತದೆಯೇ?

ಕಿರಣ್
ನಾಗವೇಣಿ ಅಕ್ಕ, ಎದೆನೀರಿಗೆ ಮೊದಲು ನೋಡುವುದು ಬೇರೆ ಲೆಕ್ಕ. ನೀರಿನ ಪ್ರೋಟೀನನ್ನು ರಕ್ತದ ಪ್ರೋಟೀನಿನಿಂದ ಭಾಗಿಸಿ: 3.4 ÷ 6.4 = 0.53. 0.5 ದಾಟಿದರೆ ಎಕ್ಸುಡೇಟ್ ಅನ್ನುತ್ತಾರೆ. ಎಲ್‌ಡಿಎಚ್ ಕೂಡ ನೋಡಬೇಕು. ಆದರೆ ಅಣ್ಣನಿಗೆ ಮೂತ್ರ ಹೋಗುವ ಮಾತ್ರೆ ನಡೆಯುತ್ತಿದ್ದರೆ ನೀರು ಗಟ್ಟಿಯಾಗಿ, ಹೃದಯದಿಂದ ಬಂದ ನೀರೂ ಗೆರೆ ದಾಟಿಬಿಡುತ್ತದೆ. ಆಗ ಅಲ್ಬುಮಿನ್ ಕಳೆದು ನೋಡುತ್ತಾರೆ, ಅಲ್ಲಿ ಗೆರೆ 1.2. ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.

ಚಂದ್ರಿಕಾ
ವಾರ್ಡಿನ ಸಿಸ್ಟರ್ ಹುಡುಕಿ ಕೊಟ್ಟರು. ನೀರು ತೆಗೆದ ದಿನ ಬೆಳಿಗ್ಗೆ 6ಕ್ಕೆ ರಕ್ತ ತೆಗೆದಿದ್ದಾರೆ, ನೀರು 11ಕ್ಕೆ. ಇದೇ ಆಸ್ಪತ್ರೆಯ ಲ್ಯಾಬ್. ಅಲ್ಬುಮಿನ್ 3.3. ಬಾಟಲಿ ಏನೂ ಏರಿಸಿಲ್ಲ. 3.3 − 1.9 = 1.4. ಈಗ 1.1ಕ್ಕಿಂತ ಜಾಸ್ತಿ ಆಯಿತು! ಹಾಗಾದರೆ ಸಿರೋಸಿಸ್ಸೇ? ಅವರು ಕುಡಿಯುವವರಲ್ಲ, ಲಿವರ್ ಸ್ಕ್ಯಾನಿನಲ್ಲಿ ಸ್ವಲ್ಪ ದೊಡ್ಡದಾಗಿದೆ ಅಂತ ಮಾತ್ರ ಇದೆ.

ಶ್ರೀಧರ (ಲ್ಯಾಬ್)
ಈಗ ಲೆಕ್ಕ ಕೂಡಿತು. 1.1 ಅಥವಾ ಅದಕ್ಕಿಂತ ಹೆಚ್ಚು ಅಂದರೆ ಲಿವರಿನ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದೆ, ಆ ಒತ್ತಡ ನೀರನ್ನು ಹೊರಗೆ ತಳ್ಳುತ್ತಿದೆ. ಒತ್ತಡ ಯಾವ ಜಾಗದಿಂದ ಹುಟ್ಟಿದೆ ಎಂಬುದಕ್ಕೆ ಈಗ ಆ 3.4 ಕೆಲಸಕ್ಕೆ ಬರುತ್ತದೆ.

ಆರೋಗ್ಯವಂತ ಲಿವರಿನ ಸೂಕ್ಷ್ಮ ರಕ್ತನಾಳಗಳು ದೊಡ್ಡ ಕಣ್ಣಿನ ಜರಡಿ ಇದ್ದಂತೆ, ಪ್ರೋಟೀನ್ ಸಲೀಸಾಗಿ ದಾಟುತ್ತದೆ. ಸಿರೋಸಿಸ್‌ನಲ್ಲಿ ಗಾಯದ ಕಲೆ ಕಟ್ಟಿ ಆ ಕಣ್ಣುಗಳು ಮುಚ್ಚಿಹೋಗುತ್ತವೆ, ಒತ್ತಡಕ್ಕೆ ಹೊರಬರುವ ನೀರು ತೆಳ್ಳಗಿರುತ್ತದೆ, ಪ್ರೋಟೀನ್ ಸಾಮಾನ್ಯವಾಗಿ 2.5ರ ಕೆಳಗೆ. ಲಿವರ್ ಸರಿಯಿದ್ದು ರಕ್ತ ಅದರಿಂದ ಮೇಲೆ ಹೋಗುವ ದಾರಿಯಲ್ಲಿ ತಡೆ ಇದ್ದರೆ ಒತ್ತಡವೂ ಹೆಚ್ಚು, ಪ್ರೋಟೀನೂ ಹೆಚ್ಚು. ಆ ದಾರಿ ಅಂದರೆ ಲಿವರಿನ ಅಭಿಧಮನಿಗಳು, ಐವಿಸಿ ಎಂಬ ದೊಡ್ಡ ರಕ್ತನಾಳ, ಆಮೇಲೆ ಹೃದಯ. 1.4 ಮತ್ತು 3.4 ಒಟ್ಟಿಗೆ ಬಂದರೆ ಅಲ್ಲಿ ಹುಡುಕಬೇಕು. "ಎಕ್ಸುಡೇಟ್" ಎಂಬ ಆ ದಪ್ಪ ಅಕ್ಷರ ಹೊಟ್ಟೆನೀರಿನಲ್ಲಿ ದಾರಿ ತಪ್ಪಿಸುವುದು ಇಲ್ಲಿಯೇ.

ಸ್ಕ್ಯಾನ್ ರಿಪೋರ್ಟಿನಲ್ಲಿ ಐವಿಸಿ ಬಗ್ಗೆ ಏನಿದೆ? ಹೃದಯ ನೋಡಿ ಆಗಿದೆ ಅಂದಿರಲ್ಲ, ಏನು ನೋಡಿದರು?

ಚಂದ್ರಿಕಾ
ಎಕೋ ಮಾಡಿದ್ದರು, ಪಂಪಿಂಗ್ 60%, ನಾರ್ಮಲ್ ಅಂದರು. ಅದಕ್ಕೇ ಹೃದಯ ಅಲ್ಲ ಅಂದುಕೊಂಡೆ. ಸ್ಕ್ಯಾನಿನಲ್ಲಿ "ಐವಿಸಿ 24 ಮಿ.ಮೀ., ಉಸಿರಿಗೆ ಕುಗ್ಗುತ್ತಿಲ್ಲ, ಹೆಪಾಟಿಕ್ ವೇನ್‌ಗಳು ಹಿಗ್ಗಿವೆ" ಎಂದಿದೆ.

ವಿನುತಾ (ಎಕೋ)
ಪಂಪಿಂಗ್ 60% ಅಂದರೆ ಎಡಗಡೆ ಹೃದಯ ಚೆನ್ನಾಗಿ ಹಿಂಡುತ್ತಿದೆ ಎಂದಷ್ಟೇ. ಹೃದಯ ತುಂಬಿಕೊಳ್ಳಲು ತೊಂದರೆಯಿದ್ದರೆ ಆ ಅಂಕಿಯಲ್ಲಿ ಅದು ಕಾಣುವುದಿಲ್ಲ. ಐವಿಸಿ 21 ಮಿ.ಮೀ. ದಾಟಿ, ಉಸಿರೆಳೆದಾಗ ಅರ್ಧದಷ್ಟೂ ಕುಗ್ಗದಿದ್ದರೆ ಬಲಗಡೆ ಹೃದಯದಲ್ಲಿ ಒತ್ತಡ ಹೆಚ್ಚಿದೆ ಎಂದೇ ತಿಳಿಯುತ್ತೇವೆ. ಲಿವರಿನ ಅಭಿಧಮನಿಗಳೇ ಕಟ್ಟಿಕೊಂಡಿದ್ದರೆ ಅವು ಹೀಗೆ ಹಿಗ್ಗಿ ಕಾಣುವುದಿಲ್ಲ, ಸಣ್ಣಗಾಗಿರುತ್ತವೆ ಇಲ್ಲವೇ ಕಾಣುವುದೇ ಇಲ್ಲ. ಆದ್ದರಿಂದ ತಡೆ ಇನ್ನೂ ಮೇಲಿದೆ.

ಎರಡು ಪ್ರಶ್ನೆ. ಕುಳಿತಾಗ ಕುತ್ತಿಗೆಯ ನರ ಉಬ್ಬಿ ಕಾಣುತ್ತದೆಯೇ? ಹಿಂದೆ ಯಾವಾಗಲಾದರೂ ಟಿಬಿ ಆಗಿತ್ತೇ, ಹೃದಯದ ಆಪರೇಷನ್, ಎದೆಗೆ ರೇಡಿಯೇಷನ್ ಏನಾದರೂ?

ಚಂದ್ರಿಕಾ
ನರ ಕಾಣುತ್ತದೆ, ಕಿವಿಯ ಹತ್ತಿರದವರೆಗೂ. ಟಿಬಿ ಬಹಳ ವರ್ಷಗಳ ಹಿಂದೆ ಆಗಿತ್ತು, ಮಾತ್ರೆ ಪೂರ್ತಿ ಮುಗಿಸಿದ್ದರು. ಮುಗಿದ ಕಥೆ ಎಂದು ಇಲ್ಲಿ ಬರೆಯಲಿಲ್ಲ.

ಗುರುಮೂರ್ತಿ
ಟಿಬಿ ಅಂತ ನಾನು ಮೊದಲೇ ಹೇಳಿರಲಿಲ್ಲವೇ?

ವಿನುತಾ (ಎಕೋ)
ನೀವು ಹೇಳಿದ್ದು ಹೊಟ್ಟೆಯಲ್ಲಿ ಈಗ ಇರುವ ಟಿಬಿ. ನಾನು ಕೇಳುತ್ತಿರುವುದು ಹಳೆಯ ಟಿಬಿ ಹೃದಯದ ಹೊರಪೊರೆಯನ್ನು ಗಟ್ಟಿ ಮಾಡಿ ಬಿಟ್ಟಿದೆಯೇ ಎಂದು. ಎರಡರ ಚಿಕಿತ್ಸೆಯೂ ಬೇರೆ. ಟಿಬಿ ಮಾತ್ರೆಗಳಲ್ಲಿ ಮೂರು ಲಿವರಿಗೆ ಪೆಟ್ಟು ಕೊಡಬಲ್ಲವು, ಈಗಾಗಲೇ ಊದಿಕೊಂಡ ಲಿವರಿಗೆ ಕಾರಣ ಖಚಿತವಿಲ್ಲದೆ ಅವನ್ನು ಕೊಡುವುದು ಸಣ್ಣ ಮಾತಲ್ಲ. ಗಟ್ಟಿಯಾದ ಪೊರೆಗೆ ಆಪರೇಷನ್ ಮಾಡಿ ಅದನ್ನು ತೆಗೆಯುತ್ತಾರೆ.

ಚಂದ್ರಿಕಾ ಅವರೇ, "ಮತ್ತೊಮ್ಮೆ ಎಕೋ ಮಾಡಿ" ಎಂದಷ್ಟೇ ಕೇಳಿದರೆ ಮತ್ತೆ 60% ಎಂದೇ ಬರುತ್ತದೆ. "ಕನ್‌ಸ್ಟ್ರಿಕ್ಟಿವ್ ಪೆರಿಕಾರ್ಡೈಟಿಸ್ ಇರಬಹುದೇ" ಎಂದು ಚೀಟಿಯಲ್ಲಿ ಬರೆಸಿ. ಆಗ ಉಸಿರಾಟದ ಪಟ್ಟಿ ಹಾಕಿ, ಉಸಿರಿನ ಜತೆ ಕವಾಟಗಳ ಹರಿವು ಎಷ್ಟು ಏರಿಳಿಯುತ್ತದೆ, ನಡುವಿನ ಗೋಡೆ ಆಚೀಚೆ ಜಿಗಿಯುತ್ತದೆಯೇ ಎಂದು ನೋಡುತ್ತಾರೆ. ಜತೆಗೆ ಎದೆಯ ಸಿಟಿ ಮಾಡಿದರೆ ಪೊರೆ ದಪ್ಪಗಿದೆಯೇ, ಸುಣ್ಣ ಕಟ್ಟಿದೆಯೇ ಗೊತ್ತಾಗುತ್ತದೆ. ಪೊರೆ ದಪ್ಪಗಾಗದೆಯೂ ಈ ತೊಂದರೆ ಇರಬಹುದು, ಹಾಗಾಗಿ ಸಿಟಿ ಒಂದನ್ನೇ ನೆಚ್ಚಬೇಡಿ.

ಗುರುಮೂರ್ತಿ
ಆದರೂ ಲಿಂಫೋಸೈಟ್ 80% ಯಾಕೆ? ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಒತ್ತಡವೂ ಟಿಬಿಯೂ ಒಟ್ಟಿಗೆ ಇದ್ದರೆ ಗ್ರೇಡಿಯಂಟ್ ಹೆಚ್ಚೇ ಇರುತ್ತದಲ್ಲ?

ಶ್ರೀಧರ (ಲ್ಯಾಬ್)
ಹೌದು, ಒಟ್ಟಿಗೆ ಇದ್ದರೆ ಗ್ರೇಡಿಯಂಟ್ ಒತ್ತಡದ ಕಡೆಗೇ ವಾಲುತ್ತದೆ, ಅದರಿಂದ ಟಿಬಿಯನ್ನು ಪೂರ್ತಿ ಅಳಿಸಲಾಗದು. ಹೃದಯದ ಕಾರಣದ ನೀರಿನಲ್ಲೂ ಲಿಂಫೋಸೈಟ್‌ಗಳೇ ಹೆಚ್ಚಿರುವುದು ಸಾಮಾನ್ಯ, ಹಾಗಾಗಿ 80% ಯಾವ ಕಡೆಗೂ ಸಾಕ್ಷಿಯಲ್ಲ. ಟಿಬಿ ಕಲ್ಚರ್‌ಗೆ ಕಳಿಸಿದ್ದಾರೆಯೇ ಕೇಳಿ, ಅದು ಬರಲು ವಾರಗಳು ಬೇಕು. ಅನುಮಾನ ಉಳಿದರೆ ಹೊಟ್ಟೆಯ ಪೊರೆಯ ಚೂರು ತೆಗೆದು ನೋಡುವುದೇ ದಾರಿ.

ಚಂದ್ರಿಕಾ
ಅಂಕಿಗಳನ್ನು ದಿನ, ಸಮಯದ ಜತೆ ಒಂದೇ ಹಾಳೆಯಲ್ಲಿ ಬರೆದು ತೋರಿಸಿದೆ. ಈ ಸಲ ಡಾಕ್ಟರ್ ನಿಂತು ಓದಿದರು. ಟಿಬಿ ಮಾತ್ರೆ ಸದ್ಯಕ್ಕೆ ಶುರು ಮಾಡುವುದಿಲ್ಲ ಅಂದಿದ್ದಾರೆ, ವಿನುತಾ ಮೇಡಂ ಹೇಳಿದ ಹೆಸರು ಬರೆದೇ ಎಕೋಗೆ ಕಳಿಸಿದ್ದಾರೆ. ಕಲ್ಚರ್‌ಗೂ ಹೋಗಿದೆಯಂತೆ. ಎಕೋಗೆ ಮೊದಲು ಮೂತ್ರದ ಇಂಜೆಕ್ಷನ್ ಕೊಟ್ಟರೆ ತೊಂದರೆಯೇ?

ವಿನುತಾ (ಎಕೋ)
ನೀರಿನಂಶ ಬಹಳ ಇಳಿದರೆ ಆ ಏರಿಳಿತ ಮಂಕಾಗಬಹುದು. ಆದರೆ ಉಸಿರಿಗೆ ಕಷ್ಟವಿದ್ದರೆ ಎಕೋಗಾಗಿ ಇಂಜೆಕ್ಷನ್ ತಡೆಯಬಾರದು. ಕೊಟ್ಟಿದ್ದರೆ ಎಷ್ಟು ಹೊತ್ತಿಗೆ ಎಂದು ಎಕೋ ಮಾಡುವವರಿಗೆ ಹೇಳಿ.

ನಾಗವೇಣಿ
ಅಣ್ಣನ ಎಲ್‌ಡಿಎಚ್ ಸಿಕ್ಕಿತು. ಹೊಸ ಥ್ರೆಡ್ ತೆರೆದಿದ್ದೇನೆ, ಶ್ರೀಧರ್ ಸರ್ ದಯವಿಟ್ಟು ಅಲ್ಲಿಗೆ ಬನ್ನಿ.