ಹೊಸ ಟೈರ್ ಹಾಕಿಸಿದ ಮೇಲೆ ಮೀಟರ್ ಕಡಿಮೆ ತೋರಿಸುತ್ತಿದೆ, ಅನುಭವ ಇದ್ದವರು ಹೇಳಿ

"ಬೆಂಗಳೂರು ಆಟೋ. ಹೋದ ಸಲ 36 ರೂಪಾಯಿ ದರ ಬಂದಾಗ ಮೀಟರ್ ಸೆಟ್ ಮಾಡಿಸಿ ಸೀಲ್ ಹಾಕಿಸಿದೆ. ಆಗ ಮುಂದಿನ ಟೈರ್ ಪೂರ್ತಿ ನುಣ್ಣಗಾಗಿತ್ತು. ಈಗ ಹೊಸದು ಹಾಕಿಸಿದ್ದೇನೆ. ಸ್ಟ್ಯಾಂಡಿನಿಂದ ಮೆಜೆಸ್ಟಿಕ್‌ಗೆ ಬರುತ್ತಿದ್ದ ದುಡ್ಡಿಗಿಂತ ನಾಲ್ಕು ರೂಪಾಯಿ ಕಡಿಮೆ ಬರುತ್ತಿದೆ. ಮೀಟರ್ ಕೆಟ್ಟಿದೆಯಾ, ಟೈರಿನ ಕಾಟವಾ?"

ಪೀಣ್ಯ ಮೀಟರ್ ಕೆಲಸ

ಟೈರಿನದ್ದೇ. ನನ್ನ ಬಾವನ ಗಾಡಿಯಲ್ಲೂ ಇದೇ ಆಗಿ ನಾನೇ ಅಳೆದು ನೋಡಿದ್ದೆ. ಅವರ ಗಾಡಿಯಲ್ಲಿ ಮೀಟರಿಗೆ ಲೆಕ್ಕ ಹೋಗುವುದು ಮುಂದಿನ ಚಕ್ರದಿಂದ. ಮೀಟರಿಗೆ ರಸ್ತೆ ಗೊತ್ತಿಲ್ಲ, ಚಕ್ರ ಎಷ್ಟು ಸುತ್ತಿತು ಅನ್ನುವುದು ಮಾತ್ರ ಗೊತ್ತು.

ಡ್ರೈವರ್ ಕೂತು, ಹಿಂದೆ ಇಬ್ಬರನ್ನು ಕೂರಿಸಿ, ಗಾಳಿ ಸರಿಯಾಗಿ ಹಾಕಿ, ಟೈರಿಗೆ ಮತ್ತು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದೆವು. ಸಮತಟ್ಟಾದ ಜಾಗದಲ್ಲಿ ನೇರವಾಗಿ 10 ಸುತ್ತು ತಳ್ಳಿದೆವು. ಹಳೇ ಟೈರಿನಲ್ಲಿ 12.55 ಮೀಟರ್ ಬಂತು. ಹೊಸದರಲ್ಲಿ 12.85. ಅಂದರೆ ಒಂದು ಸುತ್ತಿಗೆ 3 ಸೆಂಟಿಮೀಟರ್ ವ್ಯತ್ಯಾಸ. ರಬ್ಬರ್ ಐದು ಮಿಲಿಮೀಟರ್ ಹತ್ತಿರ ಸವೆದರೆ ಸಾಕು, ಇಷ್ಟಾಗುತ್ತದೆ.

ಹಳೇ ಟೈರಿನಲ್ಲಿ ಒಂದು ಕಿಲೋಮೀಟರಿಗೆ 797 ಸುತ್ತು. ಮೀಟರಿನಲ್ಲಿ ಅದೇ ಕೂತಿತ್ತು. ಹೊಸ ಟೈರ್ 778 ಸುತ್ತಿಗೇ ಕಿಲೋಮೀಟರ್ ಮುಗಿಸುತ್ತದೆ. ಮೀಟರ್ ಇನ್ನೂ 19 ಸುತ್ತಿಗೆ ಕಾಯುತ್ತಾ ಕೂತಿರುತ್ತದೆ. 10 ಕಿಲೋಮೀಟರ್ ಓಡಿದರೆ ಅದಕ್ಕೆ 9.77. ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. 180 ಬರಬೇಕಾದದ್ದು 176ರ ಆಸುಪಾಸು ನಿಲ್ಲುತ್ತದೆ. ನಿಮ್ಮ ನಾಲ್ಕು ರೂಪಾಯಿ ಅಲ್ಲೇ ಇದೆ ನೋಡಿ.

ಕಾಮಾಕ್ಷಿಪಾಳ್ಯ ಸ್ಟ್ಯಾಂಡ್

ಇಷ್ಟಕ್ಕೆಲ್ಲ ತಳ್ಳಿಕೊಂಡು ಹೋಗಬೇಕಾ ಗುರು? ಟೇಪ್ ಹಿಡಿದು ಟೈರಿನ ಅಡ್ಡಳತೆ ನೋಡಿ, 3.14ರಿಂದ ಗುಣಿಸಿದರೆ ಆಯ್ತು. ನಂದು 41.5 ಸೆಂಟಿಮೀಟರ್, ಅಂದರೆ 130 ಸುತ್ತಳತೆ. ಇನ್ನೊಂದು, ಹೊಸ ಟೈರಿಗೆ ಸ್ವಲ್ಪ ಗಾಳಿ ಕಮ್ಮಿ ಬಿಡಿ, ಮೀಟರ್ ತಾನಾಗೇ ಏರುತ್ತದೆ. ನಾನು ಹಾಗೇ ಮಾಡಿದ್ದೇನೆ, ದುಡ್ಡು ಖರ್ಚಿಲ್ಲ. ಮೀಟರ್ ಅಂಗಡಿಗೆ ಹೋದರೆ ಬೆಳಗಿನ ಬಾಡಿಗೆ ಹೋಯ್ತು, ಸೀಲಿಗೆ ಕ್ಯೂ ನಿಂತು ಸಂಜೇದೂ ಹೋಯ್ತು. ರಸೀದಿ ದುಡ್ಡು ಒಂದು ಕಡೆ ಇರಲಿ, ಮಧ್ಯಾಹ್ನದ ಊಟ, ಗ್ಯಾಸ್, ಜೊತೆಗೆ ಬಂದ ಹುಡುಗನ ಟೀ ಯಾರು ಕೊಡುತ್ತಾರೆ?

ಪೀಣ್ಯ ಮೀಟರ್ ಕೆಲಸ

ಗಾಳಿ ಇಳಿಸಿದರೆ ಮೀಟರ್ ಚೂರು ಏರುತ್ತದೆ, ಅದು ನಿಜ. ಜೊತೆಗೆ ಟೈರಿನ ಎರಡು ಅಂಚೂ ತಿಂದು ಹೋಗುತ್ತವೆ, ಬಿಸಿಯಾಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ. ನಾಲ್ಕು ರೂಪಾಯಿ ಉಳಿಸಲು ಟೈರ್ ಸುಡುವ ಲೆಕ್ಕ. ಮತ್ತೆ ಆ 3.14 ಲೆಕ್ಕ, ಎತ್ತಿ ಹಿಡಿದ ಚಕ್ರಕ್ಕೆ ಸರಿ. ಭಾರ ಬಿದ್ದಾಗ ಟೈರ್ ಕೆಳಗೆ ಚಪ್ಪಟೆಯಾಗುತ್ತದೆ ಅಲ್ವಾ? ಅದಕ್ಕೇ ನಿಮಗೆ 130, ನನಗೆ ತಳ್ಳಿದಾಗ 128.5. ನಿಮ್ಮ ಲೆಕ್ಕದಲ್ಲಿ ಸೆಟ್ ಮಾಡಿಸಿದ್ದರೆ ನಿಮ್ಮ ಮೀಟರ್ ಶುರುವಿನಿಂದಲೇ ನೂರಕ್ಕೆ ಒಂದು ಚಿಲ್ಲರೆ ಜಾಸ್ತಿ ಓಡುತ್ತಿರುತ್ತದೆ.

ಕಾಮಾಕ್ಷಿಪಾಳ್ಯ ಸ್ಟ್ಯಾಂಡ್

ನನಗೆ ಪಾಠ ಬೇಡ ಸ್ವಾಮಿ. ಮಕ್ಕಳ ಫೀಸು ಕಟ್ಟಿರುವುದು ಈ ಗಾಡಿಯಲ್ಲೇ.

ದಿನಾ ಆಟೋ ಹತ್ತುವವ

ಹೊಸ ಟೈರ್ ಹಾಕಿದಾಗ ಮಾತ್ರ ನಿಮಗೆ ನೆನಪಾಗುತ್ತದೆ. ಹೊಸ ಟೈರಿನಲ್ಲಿ ಸೀಲ್ ಹಾಕಿಸಿ, ಅದು ಸವೆಯುತ್ತಾ ಹೋದರೆ ಮೀಟರ್ ಏರುತ್ತಾ ಹೋಗುತ್ತದೆ. ಆ ನಾಲ್ಕು ರೂಪಾಯಿ ಕೊಡುವವರು ನಾವು. ಆಗ ಯಾರೂ ಇಲ್ಲಿ ಬಂದು ಕೇಳುವುದಿಲ್ಲ! ನನ್ನ ಫೋನ್ 9.4 ತೋರಿಸಿದರೆ ಮೀಟರ್ 9.8 ತೋರಿಸುತ್ತದೆ. ಕೇಳಿದರೆ "ಇಳೀರಿ ಸಾರ್" ಅನ್ನುತ್ತಾರೆ.

ಪೀಣ್ಯ ಮೀಟರ್ ಕೆಲಸ

ಮೊದಲನೇ ಮಾತು ಸರಿ ಸಾರ್, ಒಪ್ಪುತ್ತೇನೆ. ಫೋನಿನ ಲೆಕ್ಕ ಒಪ್ಪಲ್ಲ. ತಿರುವಿನಲ್ಲಿ ಅದು ಮೂಲೆ ಕತ್ತರಿಸುತ್ತದೆ, ಅಂಡರ್‌ಪಾಸಿನಲ್ಲಿ ಸಿಗ್ನಲ್ ಬಿಡುತ್ತದೆ. ಟೈರ್ ಒಂದರಿಂದಲೇ ನೂರಕ್ಕೆ ನಾಲ್ಕು ಬರುವುದು ಕಷ್ಟ. ನಿಜವಾಗಿ ನೋಡಬೇಕಾದರೆ ನೇರವಾದ ರಸ್ತೆಯಲ್ಲಿ ಟೇಪ್ ಹಿಡಿದು ಒಂದು ಕಿಲೋಮೀಟರ್ ಗುರುತು ಮಾಡಿ ಓಡಿಸಬೇಕು. ಹೆದ್ದಾರಿ ಕಲ್ಲು ನಂಬಬೇಡಿ, ರಸ್ತೆ ಅಗಲ ಮಾಡುವಾಗ ಕೆಲವನ್ನು ಕಿತ್ತು ಎಲ್ಲೋ ನೆಟ್ಟಿರುತ್ತಾರೆ.

ಮುಂಬೈ ಕಾಳಿ ಪೀಲಿ, ಊರು ಕುಂದಾಪುರ

ನಿಮ್ಮದು ಮೂರು ಚಕ್ರ, ನಮ್ಮ ಟ್ಯಾಕ್ಸಿ ಕಥೆ ಕೇಳಿ. ಇಲ್ಲಿ ಮಿನಿಮಮ್ 31, ಅದೂ ಒಂದೂವರೆ ಕಿಲೋಮೀಟರಿಗೆ. ನನ್ನ ಗಾಡಿಯಲ್ಲಿ ಲೆಕ್ಕ ಹೋಗುವುದು ಗೇರ್‌ಬಾಕ್ಸಿನಿಂದ. ಹಾಗಾಗಿ ಅದಕ್ಕೆ ಟೈರ್ ಕಾಣುವುದೇ ಇಲ್ಲ. ನನ್ನದು 145/80 R13. ಟೈರ್ ಅಂಗಡಿಯವನು ಆ ಸೈಜ್ ಇಲ್ಲ ಅಂತ 155/80 R13 ಕಟ್ಟಿಬಿಟ್ಟ, "ಸ್ವಲ್ಪ ದಪ್ಪ ಅಷ್ಟೇ ಭಾಯ್" ಅಂದ. ಆ 80 ಅಂದರೆ ಅಗಲ ಹೆಚ್ಚಾದಷ್ಟೂ ಎತ್ತರವೂ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ನೂರಕ್ಕೆ 2.8 ದೊಡ್ಡ ಚಕ್ರ. ಹೊಸ ಟೈರೇ ಸವೆದು ನುಣ್ಣಗಾಗುವವರೆಗೂ ನಷ್ಟ ಪೂರ್ತಿ ಹೋಗಲಿಲ್ಲ! ನಾಲ್ಕು ಟೈರ್, ಟ್ಯೂಬ್, ಅಲೈನ್‌ಮೆಂಟ್, ಆಮೇಲೆ ಆ ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂತ ಜಗಳ. ಇವತ್ತಿಗೂ ಆ ಬೀದಿಯಲ್ಲಿ ಹೋದರೆ ಹೊಟ್ಟೆ ಉರಿಯುತ್ತದೆ. ಸೀಲ್ ಒಡೆಯುವುದು ಬೇಡ, ಸರಿಯಾದ ಸೈಜ್ ಹಾಕಿ.

ಕಾಮಾಕ್ಷಿಪಾಳ್ಯ ಸ್ಟ್ಯಾಂಡ್

ಅಣ್ಣ, ಅವರು ಕೇಳಿದ್ದು ಅದೇ ಸೈಜಿನ ಟೈರಿನ ಬಗ್ಗೆ. ಓದಿ ಬರೀರಿ.

ಹೊಸಕೋಟೆ ಅಕ್ಕ, ಸ್ವಂತ ಗಾಡಿ

ನಾನು ಒಂದು ದಾರಿ ಹಿಡಿದಿದ್ದೇನೆ, ಯಾರಾದರೂ ಬೈಯಲಿ. ನನ್ನ ಆಟೋದಲ್ಲಿ ಮೂರೂ ಚಕ್ರ ಒಂದೇ ಸೈಜು, 4.00-8. ಮೀಟರಿಗೆ ಬೇಕಾದದ್ದು ಮುಂದಿನದ್ದು ಮಾತ್ರ. ಹೊಸ ಟೈರ್ ಹಿಂದೆ ಹಾಕಿಸುತ್ತೇನೆ, ಅರ್ಧ ಸವೆದದ್ದನ್ನು ಮುಂದಕ್ಕೆ ತರುತ್ತೇನೆ. ಸೀಲ್ ಹಾಕಿಸುವ ದಿನವೂ ಅರ್ಧ ಸವೆದದ್ದೇ ಮುಂದಿರುತ್ತದೆ. ಹಾಗಾಗಿ ಏರಿದರೂ ಇಳಿದರೂ ನೂರಕ್ಕೆ ಒಂದರ ಆಸುಪಾಸು. ನನಗೂ ನಷ್ಟವಿಲ್ಲ, ಪ್ಯಾಸೆಂಜರಿಗೂ ಇಲ್ಲ. ತೆಗೆದು ಹಾಕುವ ಕೂಲಿ ಮಾತ್ರ ಜಾಸ್ತಿ.

ದಿನಾ ಆಟೋ ಹತ್ತುವವ

ಇದನ್ನೂ ಮೋಸ ಅನ್ನಬಹುದಾ ಅಂತ ಯೋಚಿಸುತ್ತಿದ್ದೇನೆ. ಅಕ್ಕ ಬೇಜಾರು ಮಾಡ್ಕೋಬೇಡಿ, ಆದರೆ ಟೈರ್ ಆರಿಸಿಕೊಂಡು ಸೀಲ್ ಹಾಕಿಸುವುದು...

ಹೊಸಕೋಟೆ ಅಕ್ಕ, ಸ್ವಂತ ಗಾಡಿ

ಹೊಸದು ಹಾಕಿ ಸೀಲ್ ಹಾಕಿಸಿದವನು ನಿಮ್ಮಿಂದ ಜಾಸ್ತಿ ವಸೂಲಿ ಮಾಡುತ್ತಾನೆ ಅಂತ ನೀವೇ ಬರೆದಿರಿ. ನಾನು ನಡುವಿಗೆ ಇಟ್ಟರೂ ಮೋಸವಾ? ಮೀಟರ್ ಹಾಕದೆ "ಮೇಲೆ ಐವತ್ತು ಕೊಡಿ" ಅನ್ನುವವರನ್ನು ಹಿಡಿಯಿರಿ ಮೊದಲು.

ಕಾಮಾಕ್ಷಿಪಾಳ್ಯ ಸ್ಟ್ಯಾಂಡ್

ಯಾರಿಗೆ ಅಕ್ಕ ಹೇಳಿದ್ದು? ನನಗಾ?

ಹೊಸಕೋಟೆ ಅಕ್ಕ, ಸ್ವಂತ ಗಾಡಿ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಪೀಣ್ಯ ಮೀಟರ್ ಕೆಲಸ

ಅಕ್ಕನ ದಾರಿಗೆ ನನ್ನ ತಕರಾರು ಬೇರೆ. ಅರ್ಧ ಸವೆದದ್ದು ಪರವಾಗಿಲ್ಲ. ಮಳೆಗಾಲದಲ್ಲಿ ನುಣ್ಣಗಾದದ್ದು ಮುಂದೆ ಇದ್ದರೆ ತಿರುವಿನಲ್ಲಿ ಗಾಡಿ ಮಾತು ಕೇಳಲ್ಲ. ಕೇಳಿದವರಿಗೆ ಹೇಳುವುದು ಇಷ್ಟೇ: ನೀವು ನುಣ್ಣನೆ ಟೈರಿನಲ್ಲಿ ಸೆಟ್ ಮಾಡಿಸಿದ್ದೀರಿ, ಹಾಗಾಗಿ ಎಷ್ಟೇ ಕಾದರೂ ನಿಮ್ಮ ಪರವಾಗಿ ತಿರುಗಲ್ಲ. ದಿನಕ್ಕೆ 100 ಕಿಲೋಮೀಟರ್ ಮೀಟರ್ ಮೇಲೆ ಓಡಿದರೆ 40 ರೂಪಾಯಿ ಹತ್ತಿರ ಬಿಟ್ಟಂತೆ. ಮೊದಲು 10 ಸುತ್ತು ತಳ್ಳಿ ನೋಡಿ. ಆಮೇಲೆ ಲೈಸೆನ್ಸ್ ಇರುವ ಮೀಟರ್ ಅಂಗಡಿಗೆ ಹೋಗಿ, ಮತ್ತೆ ಮಾಪನಶಾಸ್ತ್ರ ಇಲಾಖೆಯ ಸೀಲ್ ಹಾಕಿಸಿ. ನೀವೇ ಸೀಲ್ ಬಿಚ್ಚಲು ಹೋಗಬೇಡಿ, ಸಿಕ್ಕಿಬಿದ್ದರೆ ಟೈರ್ ಸವೆದಿತ್ತು ಅನ್ನುವ ಕಥೆ ಯಾರೂ ಕೇಳಲ್ಲ.

ಮುಂಬೈ ಕಾಳಿ ಪೀಲಿ, ಊರು ಕುಂದಾಪುರ

155 ಟೈರ್ ನಾಲ್ಕು ಇನ್ನೂ ನನ್ನ ಹತ್ತಿರ ಇವೆ. ಯಾರಿಗಾದರೂ ಬೇಕಾ?