ಮುತ್ತಜ್ಜನ ಜನ್ಮಪತ್ರಿಕೆ (ಧಾರವಾಡ, 1902): ಘಟಿ-ಪಳವನ್ನು ಯುಟಿಸಿಗೆ ತಂದರೆ ಲಗ್ನ, ನಕ್ಷತ್ರ ಎರಡೂ ತಪ್ಪುತ್ತಿವೆ

ಪೇಢಾನಗರಿ:
ಎಲ್ಲರಿಗೂ ನಮಸ್ಕಾರ. ಮನೆತನದ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಎಲ್ಲರ ಜನ್ಮಸಮಯವನ್ನೂ ಯುಟಿಸಿಯಲ್ಲೇ ಇಡಬೇಕು ಅಂತ ನಿರ್ಧಾರ ಮಾಡಿದ್ದೇನೆ, ಇಲ್ಲದಿದ್ದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ ಆಗುತ್ತದೆ. ಮುತ್ತಜ್ಜನ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಪತ್ರಿಕೆ ಮೋಡಿ ಲಿಪಿಯಲ್ಲಿದೆ. ಮಾಳಮಡ್ಡಿಯ ಹಿರಿಯರೊಬ್ಬರು ಓದಿ ಬರೆದುಕೊಟ್ಟರು: "ಶಕೆ 1823, ಪ್ಲವನಾಮ ಸಂವತ್ಸರ, ಮಾಘ ಶುದ್ಧ 5, ಗುರುವಾರ, ಸೂರ್ಯೋದಯದಿಂದ ಘಟಿ 51 ಪಳ 15, ಅಶ್ವಿನಿ ನಕ್ಷತ್ರ, ಧನು ಲಗ್ನ." ಹುಟ್ಟಿದ್ದು ಧಾರವಾಡದಲ್ಲಿ. ಹಾಳೆಯ ಹಿಂದೆ ಯಾರೋ ಆಮೇಲೆ ಪೆನ್ಸಿಲ್‌ನಲ್ಲಿ "13-2-1902, ರಾತ್ರಿ 2-30" ಅಂತ ಬರೆದಿದ್ದಾರೆ.

ಆ ಪೆನ್ಸಿಲ್ ಬರಹವನ್ನೇ ನಂಬಿ ಜಾತಕದ ತಂತ್ರಾಂಶಕ್ಕೆ ಹಾಕಿದೆ. ವೃಶ್ಚಿಕ ಲಗ್ನ, ರೇವತಿ ನಕ್ಷತ್ರ ಬಂತು. ಪತ್ರಿಕೆಗೂ ಇದಕ್ಕೂ ಹೊಂದಾಣಿಕೆಯೇ ಇಲ್ಲ. ಮೋಡಿ ಓದಿದ್ದು ತಪ್ಪೋ, ಸಮಯ ತಪ್ಪೋ?

ಪಂಜು_ಗಾಡಿ:
ಸಮಯ ತಪ್ಪು ಸರ್. 1906ರ ಜನವರಿ 1ಕ್ಕಿಂತ ಮುಂಚೆ ನಮ್ಮಲ್ಲಿ ಐದೂವರೆ ಗಂಟೆಯ ಲೆಕ್ಕವೇ ಇರಲಿಲ್ಲ. ರೈಲುಗಳು ಮದ್ರಾಸ್ ಸಮಯದಲ್ಲಿ ಓಡುತ್ತಿದ್ದವು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲೇ ಇತ್ತಲ್ಲ, ಊರೊಳಗೂ ಸ್ಟೇಷನ್ ಗಡಿಯಾರ ನೋಡಿ ಗಂಟೆ ಹೊಂದಿಸುವವರು ಇರುತ್ತಿದ್ದರು. ಪೈಥಾನ್‌ನಲ್ಲಿ ನೋಡಿ, ಅದಕ್ಕೂ ಇದು ಗೊತ್ತು:

```python
from datetime import datetime
from zoneinfo import ZoneInfo
t = datetime(1902, 2, 13, 2, 30, tzinfo=ZoneInfo("Asia/Kolkata"))
print(t.utcoffset())   # 5:21:10
```

ಹಾಗಾಗಿ 2-30ರಲ್ಲಿ 5 ಗಂಟೆ 21 ನಿಮಿಷ 10 ಸೆಕೆಂಡ್ ಕಳೆಯಿರಿ. ಮುಗಿಯಿತು.

ಪೇಢಾನಗರಿ:
ಕಳೆದು ನೋಡಿದೆ ಸರ್. ಒಂಬತ್ತು ನಿಮಿಷ ಸರಿಯಿತು ಅಷ್ಟೇ. ಲಗ್ನ ಇನ್ನೂ ವೃಶ್ಚಿಕದಲ್ಲೇ ಇದೆ, ನಕ್ಷತ್ರ ರೇವತಿಯೇ.

ಲಕ್ಕುಂಡಿ_ಮೊಮ್ಮಗಳು:
ಮಧ್ಯೆ ಬಂದೆ, ಕ್ಷಮಿಸಿ. ನನ್ನದೂ ಇದೇ ಸಮಸ್ಯೆ ಅನಿಸುತ್ತದೆ. ನಮ್ಮ ಅಜ್ಜಿ 1943ರ ಜುಲೈನಲ್ಲಿ ಗದಗದಲ್ಲಿ ಹುಟ್ಟಿದ್ದು. ಆಸ್ಪತ್ರೆ ಚೀಟಿಯಲ್ಲಿ ಬೆಳಿಗ್ಗೆ 10-15 ಅಂತಿದೆ. ನಾನೂ ಮದ್ರಾಸ್ ಸಮಯ ಕಳೆಯಬೇಕಾ?

ನೆರಳುಗಂಬ:
ಅಕ್ಕಾ, ನಿಮ್ಮದಕ್ಕೆ ಆಮೇಲೆ ಬರುತ್ತೇನೆ. ಅದು ಬೇರೆಯದೇ ವಿಷಯ.

ಪೇಢಾನಗರಿಯವರೇ, ಪೆನ್ಸಿಲ್ ಬರಹವನ್ನು ಸದ್ಯಕ್ಕೆ ಬದಿಗಿಡಿ. ಮೂಲದಲ್ಲಿ ಗಂಟೆಯೇ ಇಲ್ಲ, ಇರುವುದು ಘಟಿ. ಘಟಿ ಎಣಿಸುವುದು ಆ ದಿನದ ಸೂರ್ಯೋದಯದಿಂದ. ಸೂರ್ಯ ಯಾವ ಸರ್ಕಾರದ ಸಮಯವನ್ನೂ ಕೇಳುವುದಿಲ್ಲ. ಆದ್ದರಿಂದ ಮದ್ರಾಸ್, ಮುಂಬೈ ಸಮಯಗಳು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಪಂಜು_ಗಾಡಿಯವರು ಹೇಳಿದ್ದು ಗಡಿಯಾರ ನೋಡಿ ಬರೆದ ದಾಖಲೆಗೆ ಸರಿ. ಘಟಿಗೆ ಅಲ್ಲ.

ಬೇಕಾಗಿರುವುದು ಒಂದೇ: ಅವತ್ತು ಧಾರವಾಡದಲ್ಲಿ ಸೂರ್ಯ ಹುಟ್ಟಿದ್ದು ಯುಟಿಸಿಯಲ್ಲಿ ಎಷ್ಟಕ್ಕೆ? ಇದಕ್ಕೆ ಹಳೆಯ ಪಂಚಾಂಗ ಹುಡುಕಬೇಕಾಗಿಲ್ಲ. ಅದೇ ಊರು, ಅದೇ ತಾರೀಖು ಇದ್ದರೆ ಸೂರ್ಯೋದಯ ನೂರು ವರ್ಷಕ್ಕೂ ಹೆಚ್ಚುಕಮ್ಮಿ ಒಂದು ನಿಮಿಷದೊಳಗೆ ಹಾಗೇ ಇರುತ್ತದೆ. ಈಗ ಫೆಬ್ರವರಿ 13ರಂದು ಧಾರವಾಡದಲ್ಲಿ ಸೂರ್ಯ ಹುಟ್ಟುವುದು ನಮ್ಮ ಗಡಿಯಾರದ 6-56ಕ್ಕೆ. ಅದರಲ್ಲಿ 5-30 ಕಳೆದರೆ 1-26 ಯುಟಿಸಿ. ಇಲ್ಲಿ ಐದೂವರೆ ಗಂಟೆ ಕಳೆದದ್ದು ಇವತ್ತಿನ ಗಡಿಯಾರದ್ದು, 1902ರದ್ದಲ್ಲ. ಇದೊಂದು ಮಾತು ನೆನಪಿರಲಿ.

ಇನ್ನು ಒಂದು ಘಟಿ ಅಂದರೆ 24 ನಿಮಿಷ, ಒಂದು ಪಳ 24 ಸೆಕೆಂಡ್. 51 ಘಟಿ 15 ಪಳ ಅಂದರೆ ಸರಿಯಾಗಿ 20 ಗಂಟೆ 30 ನಿಮಿಷ.

```python
from datetime import datetime, timedelta
udaya = datetime(1902, 2, 13, 1, 26)          # UTC
print(udaya + timedelta(minutes=51*24 + 15*24/60))
# 1902-02-13 21:56:00
```

ಧಾರವಾಡ ಹೆಚ್ಚುಕಡಿಮೆ 75 ಡಿಗ್ರಿ ಪೂರ್ವ ರೇಖಾಂಶದ ಮೇಲೇ ಕೂತಿದೆ. ಡಿಗ್ರಿಗೆ 4 ನಿಮಿಷ, ಹಾಗಾಗಿ ಅಲ್ಲಿನ ಸ್ಥಳೀಯ ಸಮಯ ಯುಟಿಸಿಗಿಂತ ಸರಿಯಾಗಿ 5 ಗಂಟೆ ಮುಂದೆ. ಅಂದರೆ ನಿಮ್ಮ ಮುತ್ತಜ್ಜ ಹುಟ್ಟಿದ್ದು ಊರಿನ ಸಮಯದಲ್ಲಿ ಬೆಳಗಿನ ಜಾವ 2-56ಕ್ಕೆ, ಅದೂ 14ನೇ ತಾರೀಖು.

ಪೆನ್ಸಿಲ್ ಬರಹದಲ್ಲಿ ಎರಡು ತಪ್ಪಿವೆ. ಮೊದಲನೆಯದು ತಾರೀಖು. ಪಂಚಾಂಗದ ಗುರುವಾರ ಮರುದಿನ ಸೂರ್ಯ ಹುಟ್ಟುವವರೆಗೂ ಗುರುವಾರವೇ. ಇಂಗ್ಲಿಷ್ ತಾರೀಖು ನಡುರಾತ್ರಿಯೇ ಬದಲಾಗುತ್ತದೆ. 13 ಗುರುವಾರ ಅನ್ನುವುದು ನಿಜ, ಆದರೆ ಮಗು ಹುಟ್ಟುವ ಹೊತ್ತಿಗೆ ಇಂಗ್ಲಿಷ್ ಲೆಕ್ಕದಲ್ಲಿ ಶುಕ್ರವಾರ 14 ಆಗಿತ್ತು. ಈ ಒಂದು ದಿನದಿಂದಲೇ ನಿಮಗೆ ರೇವತಿ ಬಂದದ್ದು. ಚಂದ್ರ ದಿನಕ್ಕೆ ಸುಮಾರು ಒಂದು ನಕ್ಷತ್ರ ದಾಟುತ್ತಾನೆ.

ಎರಡನೆಯದು ಸೂರ್ಯೋದಯ. ಬರೆದವರು ಬೆಳಿಗ್ಗೆ 6-00 ಅಂತ ಹಿಡಿದು 20-30 ಕೂಡಿಸಿದ್ದಾರೆ, ಅದಕ್ಕೇ 2-30. ಫೆಬ್ರವರಿಯಲ್ಲಿ ನಮ್ಮ ಕಡೆ ಹಗಲು ಚಿಕ್ಕದು, ಅದರಿಂದ 12 ನಿಮಿಷ ತಡ. ಸಾಲದ್ದಕ್ಕೆ ಆ ದಿನಗಳಲ್ಲಿ ಸೂರ್ಯ ಗಡಿಯಾರಕ್ಕಿಂತ 14 ನಿಮಿಷ ಹಿಂದೆ ಬೀಳುತ್ತಾನೆ. ವರ್ಷದಲ್ಲೇ ಅದು ಅತಿ ಜಾಸ್ತಿ ಹಿಂದೆ ಬೀಳುವ ಕಾಲ. ಎರಡೂ ಸೇರಿ 6-26. ನೀವು ಆ 2-30ನ್ನು ಈಗಿನ ಸಮಯ ಅಂತ ಹಾಕಿದಾಗ ಇನ್ನೂ 30 ನಿಮಿಷ ಹೋಯಿತು. ಒಟ್ಟು 56 ನಿಮಿಷ. ಲಗ್ನ ಒಂದು ರಾಶಿ ಹಿಂದಕ್ಕೆ ಹೋಗುವುದಕ್ಕೆ ಅಷ್ಟು ಸಾಕು.

ಪೇಢಾನಗರಿ:
ತಂತ್ರಾಂಶದಲ್ಲಿ ಸಮಯವಲಯ ಸೊನ್ನೆ ಇಟ್ಟು, 13-2-1902, 21:56 ಹಾಕಿದೆ. ಧನು ಲಗ್ನ ಏಳೂವರೆ ಡಿಗ್ರಿ. ಅಶ್ವಿನಿ ನಕ್ಷತ್ರ. ಪತ್ರಿಕೆಯಲ್ಲಿದ್ದದ್ದೇ ಬಂತು! ಮೋಡಿ ಓದಿಕೊಟ್ಟ ಹಿರಿಯರಿಗೆ ಈಗಲೇ ಫೋನ್ ಮಾಡುತ್ತೇನೆ.

ಆದರೆ ತಿಥಿ ಷಷ್ಠಿ ತೋರಿಸುತ್ತಿದೆ. ಪತ್ರಿಕೆಯಲ್ಲಿ ಪಂಚಮಿ ಇದೆ.

ನೆರಳುಗಂಬ:
ಅದಕ್ಕೆ ಹೆದರಬೇಡಿ. ಸೂರ್ಯೋದಯದ ಹೊತ್ತಿಗೆ ಯಾವ ತಿಥಿ ಇತ್ತೋ ಅದನ್ನೇ ಇಡೀ ದಿನಕ್ಕೆ ಬರೆಯುವ ರೂಢಿ. ಅವತ್ತು ಬೆಳಿಗ್ಗೆ ಪಂಚಮಿ ಇತ್ತು, ಮಧ್ಯಾಹ್ನ ಮುಗಿದು ಷಷ್ಠಿ ಬಂತು. ನಕ್ಷತ್ರವನ್ನು ಮಾತ್ರ ಹುಟ್ಟಿದ ಕ್ಷಣದ್ದನ್ನೇ ಬರೆದಿದ್ದಾರೆ. ಸೂರ್ಯೋದಯಕ್ಕೆ ರೇವತಿ ಇತ್ತು. ಅಶ್ವಿನಿ ಅಂತ ಬರೆದಿರುವುದರಿಂದಲೇ ಹುಟ್ಟಿದ್ದು ಆ ದಿನದ ಕೊನೆಗೆ, ಮೊದಲಿಗೆ ಅಲ್ಲ ಅಂತ ಗಟ್ಟಿಯಾಗುತ್ತದೆ.

ಲಕ್ಕುಂಡಿಯ ಅಕ್ಕಾ, ಈಗ ನಿಮ್ಮದು. 1943ರಲ್ಲಿ ಮದ್ರಾಸ್ ಸಮಯ ಇಲ್ಲ. ಆದರೆ ಯುದ್ಧದ ಸಮಯ ಇತ್ತು. 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ ದೇಶದ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. ನೀವು ಆರೂವರೆ ಗಂಟೆ ಕಳೆಯಬೇಕು. 10-15 ಅಂದರೆ 3-45 ಯುಟಿಸಿ.

ಲಕ್ಕುಂಡಿ_ಮೊಮ್ಮಗಳು:
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಆದರೆ ಒಂದು ಅನುಮಾನ. ಆಸ್ಪತ್ರೆಯವರು ಸರ್ಕಾರಿ ಸಮಯವನ್ನೇ ಬರೆದಿದ್ದಾರೆ ಅಂತ ಹೇಗೆ ಹೇಳುವುದು? ಚೀಟಿಯಲ್ಲಿ "ಹೊಸ ಟೈಮ್", "ಹಳೆ ಟೈಮ್" ಅಂತ ಏನೂ ಇಲ್ಲ.

ನೆರಳುಗಂಬ:
ಚೀಟಿ ಒಂದರಿಂದಲೇ ಹೇಳಲು ಆಗುವುದಿಲ್ಲ ಅಕ್ಕಾ. ಮನೆಯಲ್ಲಿ ಘಟಿ ಬರೆದ ಬೇರೆ ಟಿಪ್ಪಣಿ ಇದ್ದರೆ ಮೇಲಿನ ಹಾಗೆ ಲೆಕ್ಕ ಮಾಡಿ. ಎರಡರ ನಡುವೆ ಒಂದು ಗಂಟೆ ವ್ಯತ್ಯಾಸ ಬಂದರೆ ಕಣ್ಣಿಗೆ ಕಾಣುತ್ತದೆ. ಅಲ್ಲಿಯವರೆಗೆ 3-45, 4-45 ಎರಡನ್ನೂ ಬರೆದಿಡಿ.

ಪಂಜು_ಗಾಡಿ:
ಒಂದು ಮಾತು ನನ್ನದು ಉಳಿದಿದೆ. ಘಟಿ ಸೂರ್ಯನ ಲೆಕ್ಕ, ಒಪ್ಪಿದೆ. ಆದರೆ ನಡುರಾತ್ರಿ ಕಳೆದ ಮೇಲೆ ಸೂರ್ಯ ಎಲ್ಲಿದ್ದ? ಯಾರೋ ಗಡಿಯಾರ ನೋಡಿರಬೇಕು, ಆಮೇಲೆ ಜೋಯಿಸರು ಅದನ್ನು ಘಟಿಗೆ ತಿರುಗಿಸಿರಬೇಕು. 20 ಗಂಟೆ 30 ನಿಮಿಷ ಅಂತ ಇಷ್ಟು ದುಂಡಗೆ ಬಂದದ್ದು ಅದಕ್ಕೇ ಅಲ್ವಾ?

ನೆರಳುಗಂಬ:
ಒಳ್ಳೆಯ ಕಡೆ ಕೈ ಇಟ್ಟಿರಿ. ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಘಟಿಕಾ ಬಟ್ಟಲು ಇಟ್ಟು ಅಳೆದಿದ್ದರೆ ಸರಿಯಾಗಿ ಗಂಟೆ-ಅರ್ಧ ಗಂಟೆಗೆ ಕೂರುವುದು ಅಪರೂಪ. ಹಳೆಯ ಲೆಕ್ಕದಲ್ಲಿ ಸೂರ್ಯಬಿಂಬದ ನಡು ದಿಗಂತಕ್ಕೆ ಬಂದಾಗ ಉದಯ. ಈಗಿನವರು ಬಿಂಬದ ಅಂಚು ಕಂಡಾಗ ಅನ್ನುತ್ತಾರೆ, ಗಾಳಿಯಲ್ಲಿ ಬೆಳಕು ಬಾಗುವುದನ್ನೂ ಸೇರಿಸುತ್ತಾರೆ. ಇದರಿಂದ ಮೂರೂವರೆ ನಿಮಿಷ ವ್ಯತ್ಯಾಸ. ಹಳೆಯ ರೀತಿಯಲ್ಲಿ ಅವತ್ತು ಧಾರವಾಡದ ಉದಯ 6-30. ಅದಕ್ಕೆ 20-30 ಕೂಡಿಸಿದರೆ ಸರಿಯಾಗಿ 3-00. ಜೋಯಿಸರಿಗೆ "ಮೂರು ಗಂಟೆಗೆ ಹುಟ್ಟಿತು" ಅಂತ ಹೇಳಿರುವ ಸಾಧ್ಯತೆ ಜಾಸ್ತಿ.

ಅವರೂ ಸುಮ್ನೆ 6-00 ಹಿಡಿದು 2-30ರಿಂದ ಘಟಿ ಮಾಡಿದ್ದರೆ? ಆಗ ಲಗ್ನ ಧನುವಿನ ಎರಡನೇ ಡಿಗ್ರಿಯಲ್ಲಿ ಬೀಳುತ್ತದೆ. ಅಂಚಿನಲ್ಲಿದೆ, ಆದರೂ ಧನುವೇ. ಹಾಗಾಗಿ ಲಗ್ನ ಒಂದರಿಂದ ಇದನ್ನು ತಳ್ಳಿಹಾಕಲು ಬರುವುದಿಲ್ಲ.

ಪೇಢಾನಗರಿ:
ಅವ್ವನನ್ನು ಕೇಳಿದೆ. "ಗಡಿಯಾರ ಮೂರು ಹೊಡೆದಾಗ ಹುಟ್ಟಿದ್ದು ಅಂತ ನಮ್ಮ ಆಯಿ ಹೇಳುತ್ತಿದ್ದಳು" ಅಂದಳು. ನಾನು 3-00ರ ಸುದ್ದಿ ಹೇಳುವ ಮುಂಚೆಯೇ!

ಪಂಜು_ಗಾಡಿ:
ಆ ಗಡಿಯಾರ ಸ್ಟೇಷನ್ನಿನ ಸಮಯದ್ದಾಗಿದ್ದರೆ ಮೂರು ಗಂಟೆ ಅಂದರೆ 21-39 ಯುಟಿಸಿ. ಊರ ಸಮಯದ್ದಾಗಿದ್ದರೆ 22-00. ಮನೆ ಎಲ್ಲಿತ್ತು ಸರ್, ಸ್ಟೇಷನ್ ಹತ್ತಿರವೋ ಊರೊಳಗೋ?

ಪೇಢಾನಗರಿ:
ಅದೇ ಅವ್ವನಿಗೂ ಗೊತ್ತಿಲ್ಲ. ಮಾಳಮಡ್ಡಿಯ ಮನೆಗೆ ಬಂದದ್ದು ಆಮೇಲೆ ಅನ್ನುತ್ತಾಳೆ. ಸದ್ಯಕ್ಕೆ ಸಮಯದ ಕಾಲಂನಲ್ಲಿ `1902-02-13T21:56Z` ಅಂತ ಹಾಕಿದ್ದೇನೆ. ಪಕ್ಕದ ಟಿಪ್ಪಣಿಯಲ್ಲಿ ಮೂಲ ಘಟಿ-ಪಳ, ಹಿಡಿದ ಸೂರ್ಯೋದಯ, ಜೊತೆಗೆ "21-39 ಕೂಡ ಇರಬಹುದು, ಗಡಿಯಾರ ಯಾವ ಸಮಯದ್ದೋ ತಿಳಿಯದು" ಅಂತ ಬರೆದಿದ್ದೇನೆ. ಭಾನುವಾರ ದೊಡ್ಡಪ್ಪನ ಮನೆಗೆ ಹೋಗುತ್ತೇನೆ. ಅವರ ಪೆಟ್ಟಿಗೆಯಲ್ಲಿ ಹಳೆಯ ಮನೆಯ ಕಾಗದಪತ್ರ ಇವೆಯಂತೆ.